ಎರಡು ಆಲ್ಕೋಹಾಲ್‌ಗಳು ಒಂದೇ ಅಲ್ಲ

“ಲೇಬಲ್ಲಿನಲ್ಲಿ ಆಲ್ಕೋಹಾಲ್ ಎಂಬ ಪದ ಕಂಡರೆ ಆ ಲೋಷನ್ ಕೊಳ್ಳಲೇಬೇಡಿ.”

ಈ ಮಾತನ್ನು ನಾನು ಒಪ್ಪುವುದಿಲ್ಲ. ಸಾಗರದ ನಮ್ಮ ಮನೆಯಲ್ಲಿ ಅಡಿಕೆ ಸುಲಿದು ಬಿರಿದ ಕೈಗಳಿಗೆ ಅಮ್ಮ ಹಚ್ಚುತ್ತಿದ್ದ ಲೋಷನ್ನನ್ನು, ಅದರಲ್ಲಿ ಸೀಟೆರಿಲ್ ಆಲ್ಕೋಹಾಲ್ ಇದೆಯೆಂಬ ಒಂದೇ ಕಾರಣಕ್ಕೆ ನಾನೇ ಬಿಡಿಸಿದ್ದೆ. ವಾರದೊಳಗೆ ಬಿರುಕುಗಳು ಇನ್ನಷ್ಟು ಆಳವಾದವು. ಸೀಟೈಲ್, ಸೀಟೆರಿಲ್, ಸ್ಟಿಯರಿಲ್ ಎಂಬವು ಮೇಣದಂತೆ ಗಟ್ಟಿಯಾಗಿರುವ ಕೊಬ್ಬಿನ ಆಲ್ಕೋಹಾಲ್‌ಗಳು. ಅವು ಆವಿಯಾಗದೆ ಚರ್ಮದ ಮೇಲೆಯೇ ಉಳಿದು ತೇವ ಹಿಡಿದಿಡುತ್ತವೆ, ಲೋಷನ್ನಿನ ಎಣ್ಣೆ ಮತ್ತು ನೀರು ಬೇರ್ಪಡದಂತೆಯೂ ನೋಡಿಕೊಳ್ಳುತ್ತವೆ. ಅಪರೂಪಕ್ಕೆ ಕೆಲವರಿಗೆ ಇವೂ ಅಲರ್ಜಿ ತರುವುದುಂಟು. ಆದರೆ ಚರ್ಮ ಒಣಗಿಸುವುದು ‘ಆಲ್ಕೋಹಾಲ್ ಡಿನ್ಯಾಟ್’, ಎಥನಾಲ್, ಐಸೊಪ್ರೊಪೈಲ್ ಆಲ್ಕೋಹಾಲ್‌ಗಳು. ಹಚ್ಚಿದೊಡನೆ ತಣ್ಣಗೆನಿಸಿ ಕ್ಷಣದಲ್ಲಿ ಆರುವ ಟೋನರ್‌ನ ಲೇಬಲ್ಲಿನಲ್ಲಿ ನೀರಿನ ಬೆನ್ನಿಗೇ ಇವುಗಳ ಹೆಸರಿದ್ದರೆ ಪ್ರಮಾಣ ಹೆಚ್ಚಿದೆ ಎಂದರ್ಥ, ಏಕೆಂದರೆ ಲೇಬಲ್ಲಿನ ಪದಾರ್ಥಗಳ ಪಟ್ಟಿ ಹೆಚ್ಚು ಪ್ರಮಾಣದಿಂದ ಕಡಿಮೆಯ ಕಡೆಗೆ ಸಾಗುತ್ತದೆ.