ಬ್ಲಾಕ್‌ಚೈನ್ ದಾಖಲೆಯ ಭದ್ರತೆ: ಒಂದು ಸ್ಪಷ್ಟನೆ

“ಬ್ಲಾಕ್‌ಚೈನ್‌ನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ, ಹಾಗಾಗಿ ಹಳೆಯ ದಾಖಲೆಯನ್ನು ಯಾರೂ ಎಂದಿಗೂ ತಿದ್ದಲಾರರು.”

ಇದು ಸರಿಯಲ್ಲ. ಬಿಟ್‌ಕಾಯಿನ್‌ನ ವಹಿವಾಟುಗಳನ್ನು ಯಾರು ಬೇಕಾದರೂ ಓದಬಹುದು. ಭದ್ರತೆ ಇರುವುದು ಬ್ಲಾಕ್‌ಗಳ, ಅಂದರೆ ವಹಿವಾಟುಗಳ ಕಂತೆಗಳ, ಜೋಡಣೆಯಲ್ಲಿ ಮತ್ತು ಅದಕ್ಕೆ ತಗಲುವ ಶ್ರಮದಲ್ಲಿ. ಪ್ರತಿ ಬ್ಲಾಕ್‌ನ 80 ಬೈಟ್‌ಗಳ ಶಿರೋಭಾಗದಲ್ಲಿ ಹಿಂದಿನ ಬ್ಲಾಕ್‌ನ ಹ್ಯಾಶ್, ಅಂದರೆ ಬೆರಳಚ್ಚಿನಂಥ 32 ಬೈಟ್‌ಗಳ ಸಂಖ್ಯೆ, ಇರುತ್ತದೆ. ತನ್ನೊಳಗಿನ ಎಲ್ಲ ವಹಿವಾಟುಗಳ ಒಟ್ಟು ಹ್ಯಾಶ್ ಕೂಡ ಅಲ್ಲೇ ಇರುತ್ತದೆ.

ಒಬ್ಬನು 100ನೇ ಬ್ಲಾಕ್‌ನಿಂದ ತಾನು ಮಾಡಿದ ಪಾವತಿಯನ್ನು ಅಳಿಸಿದನೆನ್ನೋಣ. (ಇತರರ ಪಾವತಿಯ ಮೊತ್ತವನ್ನು ತಿದ್ದಲು ಅವರ ಡಿಜಿಟಲ್ ಸಹಿಯೇ ಬಿಡುವುದಿಲ್ಲ.) ಆಗ ಆ ಬ್ಲಾಕ್‌ನ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, 101ನೆಯದರಲ್ಲಿ ಬರೆದಿರುವ ಹ್ಯಾಶ್‌ಗೆ ಅದು ತಾಳೆಯಾಗುವುದಿಲ್ಲ, ಕೊಂಡಿ ಅಲ್ಲಿಯೇ ಕಳಚುತ್ತದೆ.

ಆದರೆ ಕೊಂಡಿ ತಿದ್ದುಪಡಿಯನ್ನು ತೋರಿಸಿಕೊಡುತ್ತದೆಯೇ ಹೊರತು ತಡೆಯುವುದಿಲ್ಲ. ಹ್ಯಾಶ್ ಲೆಕ್ಕ ಹಾಕಲು ಕ್ಷಣವೂ ಬೇಡ. ಕಷ್ಟವಿರುವುದು ಅದು ನಿಗದಿತ ಮಿತಿಗಿಂತ ಚಿಕ್ಕದಾಗಿರಬೇಕೆಂಬ ನಿಯಮದಲ್ಲಿ. ಅಂಥ ಹ್ಯಾಶ್ ಸಿಗುವವರೆಗೆ ಶಿರೋಭಾಗದ ಒಂದು ಸಂಖ್ಯೆಯನ್ನು ಬದಲಿಸುತ್ತಲೇ ಇರಬೇಕು, ಮತ್ತು ಬ್ಲಾಕ್ ಕಟ್ಟುವ ಕಂಪ್ಯೂಟರ್‌ಗಳ ಇಡೀ ಜಾಲಕ್ಕೇ ಇದಕ್ಕೆ ಸರಾಸರಿ 10 ನಿಮಿಷ ಹಿಡಿಯುತ್ತದೆ. ಸರಪಳಿ 106ನೇ ಬ್ಲಾಕ್ ತಲುಪಿದ್ದರೆ, ಅವನು ಏಳು ಬ್ಲಾಕ್‌ಗಳನ್ನೂ ಮತ್ತೆ ಕಟ್ಟಿ, ಅಷ್ಟರೊಳಗೆ ಉಳಿದವರು ಸೇರಿಸಿದ್ದನ್ನೂ ಹಿಂದಿಕ್ಕಬೇಕು.

ಗಣನಾಶಕ್ತಿಯ ಬಹುಪಾಲು ಒಬ್ಬರ ಕೈ ಸೇರಿದರೆ ಇದೂ ಸಾಧ್ಯ. 2020ರ ಆಗಸ್ಟ್‌ನಲ್ಲಿ ಎಥೀರಿಯಂ ಕ್ಲಾಸಿಕ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಸಾವಿರಾರು ಬ್ಲಾಕ್‌ಗಳು ಹೀಗೆಯೇ ಬದಲಾದವು.