14 ನಿಮಿಷದ ವಾಯ್ಸ್ ನೋಟ್ ಕಳಿಸೋ ಮೇಷ್ಟ್ರುಗಳಿಗೆ

ಇವತ್ತು ಒಂದು ಕ್ಲಾಸ್ ಗ್ರೂಪಿಗೆ ಬಂದು ಬಿದ್ದ ಪಾಠ ನೋಡಿ ತಲೆ ಕೆಟ್ಟಿದೆ. ಭಿನ್ನರಾಶಿಗಳ ಸಂಕಲನ, ಒಂದೇ ವಾಯ್ಸ್ ನೋಟ್, 14 ನಿಮಿಷ. ಮೇಲೊಂದು ಸಾಲು ಬರಹ ಇಲ್ಲ, ಕೆಳಗೊಂದು ಪ್ರಶ್ನೆ ಇಲ್ಲ. "ನೆಟ್ ಸಿಗದ ಮಕ್ಕಳಿಗಾಗಿ" ಅಂತ ಕೈಮುಗಿದ ಎಮೋಜಿ ಮಾತ್ರ ಇದೆ.

ಡೇಟಾ ಜಾಸ್ತಿ ಆಯ್ತು ಅಂತ ನನ್ನ ತಕರಾರಲ್ಲ. ವಾಯ್ಸ್ ನೋಟ್ ಸೆಕೆಂಡಿಗೆ ಸುಮಾರು 2 ಕೆಬಿ ಲೆಕ್ಕದಲ್ಲಿ ಹೋದರೂ 14 ನಿಮಿಷಕ್ಕೆ 2 ಎಂಬಿ ಮುಟ್ಟಲ್ಲ. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿ ಕಳಿಸಿದ್ದರೆ ಎಂಟು ಪಟ್ಟು ಆಗ್ತಿತ್ತು (ಕ್ವಾಲಿಟಿ ಚೆನ್ನಾಗಿರಲಿ ಅಂತ ಹಾಗೆ ಮಾಡೋರೂ ಇದ್ದಾರೆ, ಅವರಿಗೊಂದು ದೊಡ್ಡ ನಮಸ್ಕಾರ). ಹಾಗಾಗಿ ಮೈಕ್ ಒತ್ತಿ ಮಾತಾಡಿದ್ದೇನೋ ಸರಿ. ಆದರೆ ಮಗು ಮನೆಯವರ ಫೋನನ್ನ ಅರ್ಧ ಗಂಟೆಗೆ ಕೇಳಿ ಪಡೆದಿರುತ್ತೆ. ಒಂಬತ್ತನೇ ನಿಮಿಷದಲ್ಲಿ ಅರ್ಥ ಆಗಲಿಲ್ಲ ಅಂದರೆ ಆ ಜಾಗ ಮತ್ತೆ ಹುಡುಕೋದು ಹೇಗೆ? ಆ ಗೆರೆಯ ಮೇಲೆ ಬೆರಳು ಎಳೀತಾ, "ಛೇದ" ಅನ್ನೋ ಪದ ಎಲ್ಲಿ ಬಂತು ಅಂತ ತಡಕಾಡಬೇಕು.

ಇದೇ ಪಾಠ ಹೀಗೂ ಆಗಬಹುದಿತ್ತು. ಮೊದಲು ಒಂದು ಟೆಕ್ಸ್ಟ್: "ಪಾಠ 7. ನೋಟ್‌ಬುಕ್ ತೆಗೆದು 2/3 + 1/4 ಬರೆದುಕೊಳ್ಳಿ." ಇದನ್ನ ಬರೆದೇ ಕಳಿಸಬೇಕು, ಯಾಕಂದ್ರೆ "ಎರಡು ಬೈ ಮೂರು ಕೂಡಿಸು ಒಂದು ಬೈ ನಾಲ್ಕು" ಅಂತ ಬಾಯಲ್ಲಿ ಹೇಳಿದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನೋದು ಕೆಲವು ಮಕ್ಕಳಿಗೆ ಅಲ್ಲೇ ತಪ್ಪಿಹೋಗುತ್ತೆ. ಆಮೇಲೆ 7.1 ಅಂತ ನಂಬರ್ ಟೈಪ್ ಮಾಡಿ ಒಂದೂವರೆ ನಿಮಿಷದ ನೋಟ್: ಮೂರು ಪಾಲು ಮಾಡಿದ ತುಂಡೂ ನಾಲ್ಕು ಪಾಲು ಮಾಡಿದ ತುಂಡೂ ಒಂದೇ ಅಳತೆಯವಲ್ಲ, ಅದಕ್ಕೇ ಹಾಗೇ ಕೂಡೋಕೆ ಬರಲ್ಲ. ಅಷ್ಟೇ, ಇನ್ನೇನೂ ಬೇಡ. 7.2ರಲ್ಲಿ 3ರ ಮಗ್ಗಿ, 4ರ ಮಗ್ಗಿ ಎರಡರಲ್ಲೂ ಮೊದಲು ಸಿಗೋ ಸಂಖ್ಯೆ ಹುಡುಕಿಸಿ, ಛೇದ ಎಷ್ಟು ಪಟ್ಟಾಯ್ತೋ ಅಂಶಾನೂ ಅಷ್ಟೇ ಪಟ್ಟು ಮಾಡಬೇಕು ಅಂತ ಹೇಳಿ, "ಈಗ ನಿಲ್ಲಿಸಿ, ಬರೆದು ನೋಡಿ" ಅಂತ ನೋಟನ್ನೇ ಮುಗಿಸಿಬಿಡಿ. ಕೆಳಗೆ ಟೆಕ್ಸ್ಟಲ್ಲಿ 8/12 + 3/12 = 11/12. ನಂಬರ್ ಹಾಕಲೇಬೇಕು. ಸಿಗ್ನಲ್ ಕೈಕೊಟ್ಟಾಗ ಒಂದು ನೋಟ್ ನಿಂತು, ಅದರ ಹಿಂದಿನದು ಮುಂದೆ ಹೋಗಿ ಕೂರೋದು ದಿನಾ ಆಗೋ ಕಥೆ.

ಈಗ ಪ್ರಶ್ನೆ: 1/2 + 2/5 ಎಷ್ಟು? ಉತ್ತರ ಟೈಪ್ ಮಾಡಿ ಮೇಷ್ಟ್ರಿಗೆ ಮಾತ್ರ ಕಳಿಸಿ. 9/10 ಬಂದರೆ ಸರಿ. 3/7 ಬಂದರೆ ಆ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದೆ, "7.1 ಇನ್ನೊಮ್ಮೆ ಕೇಳು" ಅಂದರಾಯ್ತು. 3/10 ಬಂದರೆ ಛೇದ ಬದಲಿಸಿದೆ, ಅಂಶ ಹಾಗೇ ಬಿಟ್ಟಿದೆ, ಅದಕ್ಕೆ 7.2 ಸಾಕು. ಮೂರ್ನಾಲ್ಕು ಅಕ್ಷರದ ಮೆಸೇಜು, ಮಗು ಎಲ್ಲಿ ಎಡವಿದೆ ಅಂತ ಬೆರಳಿಟ್ಟು ತೋರಿಸುತ್ತೆ. ಆ 14 ನಿಮಿಷದ ನೋಟಿಗೆ ಇದು ಸಾಧ್ಯವಾ? "ಇನ್ನೊಮ್ಮೆ ಕೇಳು" ಅಂದರೆ ಪೂರ್ತಿ 14 ನಿಮಿಷ ಕೇಳಬೇಕು!

ಉತ್ತರ ಗ್ರೂಪಿಗೆ ಬೇಡ ಅಂದಿದ್ದಕ್ಕೂ ಕಾರಣ ಇದೆ. 40 ಮಕ್ಕಳು ನೋಟ್‌ಬುಕ್ ಫೋಟೋ ಹಾಕಿದರೆ, ಒಂದೊಂದು 150 ಕೆಬಿ ಅಂದುಕೊಂಡರೂ ಎಲ್ಲರ ಫೋನಿಗೂ 6 ಎಂಬಿ ಇಳಿಯುತ್ತೆ. ಪಾಠಕ್ಕಿಂತ ಪಾಠದ ಉತ್ತರಕ್ಕೇ ಡೇಟಾ ಜಾಸ್ತಿ. ಗ್ರೂಪ್ ಸೆಟ್ಟಿಂಗಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿ, ಗುಡ್ ಮಾರ್ನಿಂಗ್ ಹೂಗಳೂ ತಪ್ಪುತ್ತವೆ.

"ಇಷ್ಟೆಲ್ಲ ಕತ್ತರಿಸೋಕೆ ನಮಗೆಲ್ಲಿ ಟೈಮು?" ಅಂತೀರಿ, ಗೊತ್ತು. ಆದರೆ ಕತ್ತರಿಸೋಕೆ ಹೇಳ್ತಿಲ್ವಲ್ಲ, ನಿಲ್ಲಿಸಿ ನಿಲ್ಲಿಸಿ ಮಾತಾಡಿ ಅಂತಿದ್ದೀನಿ. ಎಂಟನೇ ನಿಮಿಷದಲ್ಲಿ ನಾಲಿಗೆ ತಪ್ಪಿದರೆ ಮೊದಲಿಂದ ಶುರು ಮಾಡೋರು ನೀವೇ. ಎರಡು ನಿಮಿಷದ್ದಾದರೆ ಅಳಿಸಿ ಮತ್ತೆ ಹೇಳಿದರೆ ಮುಗೀತು. ಫ್ಯಾನ್ ಆಫ್ ಮಾಡಿ, ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿದರೆ ಪ, ಬ ಹೇಳುವಾಗ ಉಸಿರು ಬಡಿಯಲ್ಲ. ನನಗೂ ನನ್ನ ಮಾತು ಕೇಳ್ತಾ ಕೂರೋದು ಇಷ್ಟ, ಅದಕ್ಕೇ ಈ ಕಾಯಿಲೆ ಎಲ್ಲಿಂದ ಬರುತ್ತೆ ಅಂತ ಚೆನ್ನಾಗಿ ಗೊತ್ತು.

ಸದ್ಯಕ್ಕೆ ಆ ನೋಟಿನ ಕೆಳಗೆ ಸಾಲಾಗಿ "ಓಕೆ ಸರ್", "ಓಕೆ ಸರ್" ಬಂದು ಬೀಳ್ತಾ ಇವೆ. ಮೊದಲನೆಯದು ಬಂದಿದ್ದು ಪಾಠ ಹಾಕಿದ ಎರಡನೇ ನಿಮಿಷಕ್ಕೆ.