ರೂಪಾಯಿಗೆ ಎಷ್ಟು ಹೋಳು?

ಬೆಳಿಗ್ಗೆ ಫೋನ್ ತೆಗೆದರೆ ಮತ್ತೆ ಅದೇ ನಾಣ್ಯ. 2025-26ರ ಕೇಂದ್ರ ಬಜೆಟ್ಟಿನ "ರೂಪಾಯಿ ಹೋಗುವುದೆಲ್ಲಿಗೆ" ಚಿತ್ರವನ್ನು ಯಾರೋ ಕನ್ನಡಕ್ಕೆ ತಂದು ಹಂಚಿದ್ದಾರೆ. ನಾಣ್ಯದಂಥ ಒಂದು ವೃತ್ತ, ಒಂಬತ್ತು ಹೋಳು, ಒಂಬತ್ತು ಬಣ್ಣ. ಅದರಲ್ಲಿ ಮೂರು ಹಸಿರು! ಎಲೆ ಹಸಿರು, ಗಿಳಿ ಹಸಿರು, ಇನ್ನೊಂದು ಬಹುಶಃ ಕೊಳದ ಪಾಚಿ. ಪಕ್ಕದಲ್ಲಿ ಬಣ್ಣಗಳ ಪಟ್ಟಿ. ರಕ್ಷಣೆಗೆ ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಪಟ್ಟಿಯಲ್ಲಿ ಬಣ್ಣ ನೋಡಿ, ವೃತ್ತಕ್ಕೆ ಬಂದು, ಯಾವ ಹಸಿರು ಅಂತ ಮರೆತು, ವಾಪಸ್ ಪಟ್ಟಿಗೆ ಹೋಗಬೇಕು. ಕೆಳಗೆ ಇನ್ನೂರು ಲೈಕು. ಇರಲಿ.

ಹೀಗೆ ವೃತ್ತವನ್ನು ಹೋಳು ಮಾಡಿ ಪಾಲು ತೋರಿಸುವ ಪೈ ಚಾರ್ಟಿನ ಮೇಲೆ ನನಗೆ ದ್ವೇಷ ಇಲ್ಲ. ಬಹಳ ಜನ ಪಂಡಿತರಿಗೆ ಇದೆ. ಪೈ ಅಂದ ತಕ್ಷಣ ಮೂಗು ಮುರಿಯುತ್ತಾರೆ. ನನ್ನ ತಕರಾರು ಒಂದೇ, ಹೋಳಿನ ಸಂಖ್ಯೆ. 1801ರಲ್ಲಿ ವಿಲಿಯಂ ಪ್ಲೇಫೇರ್ ಮೊದಲ ಪೈ ಚಾರ್ಟ್ ಬರೆದಾಗ ತುರ್ಕಿ ಸಾಮ್ರಾಜ್ಯವನ್ನು ಏಷ್ಯಾ, ಯುರೋಪ್, ಆಫ್ರಿಕಾ ಅಂತ ಮೂರೇ ಹೋಳು ಮಾಡಿದ್ದ. ಮೂರು! ಅವನಿಗೆ ಎಕ್ಸೆಲ್ ಇರಲಿಲ್ಲ, ಕೈಯಲ್ಲಿ ಬಣ್ಣ ತುಂಬಬೇಕಿತ್ತು, ಹಾಗಾಗಿ ವಿವೇಕವೂ ಇತ್ತು ಅಂತ ಕಾಣುತ್ತದೆ.

ಈಗ ನಾಣ್ಯಕ್ಕೆ ಬರೋಣ. ರೂಪಾಯಿ ಹೋಗುವ ಲೆಕ್ಕ ಹೀಗಿದೆ: ರಾಜ್ಯಗಳ ತೆರಿಗೆ ಪಾಲು 22 ಪೈಸೆ, ಬಡ್ಡಿ 20, ಕೇಂದ್ರದ್ದೇ ಯೋಜನೆಗಳಿಗೆ 16, ರಕ್ಷಣೆ 8, ಕೇಂದ್ರ ಪ್ರಾಯೋಜಿತ ಯೋಜನೆ 8, ಹಣಕಾಸು ಆಯೋಗ ಮತ್ತಿತರ ವರ್ಗಾವಣೆ 8, ಸಬ್ಸಿಡಿ 6, ಪಿಂಚಣಿ 4, ಇತರೆ 8. ನಾಲ್ಕು ಕಡೆ ಎಂಟೆಂಟು ಪೈಸೆ. ಇದನ್ನು ವೃತ್ತಕ್ಕೆ ಹಾಕುವ ಮುಂಚೆ ಮಾಡಬೇಕಾದ್ದು ಒಂದೇ ಗುಣಾಕಾರ. ವೃತ್ತಕ್ಕೆ 360 ಡಿಗ್ರಿ, ಒಂದು ಪೈಸೆಗೆ 3.6. ಪಿಂಚಣಿಯ 4 ಪೈಸೆಗೆ ಸಿಗುವುದು 14.4 ಡಿಗ್ರಿ. ಫೋನಿನ ಪರದೆಯ ಮೇಲೆ ವೃತ್ತದ ಅಡ್ಡಳತೆ ಸುಮಾರು ಐದು ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಸುತ್ತಳತೆ 15.7 ಸೆಂಟಿಮೀಟರ್, ಅಂದರೆ ಒಂದು ಪೈಸೆಯ ಅಂಚು ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಪಿಂಚಣಿ ಹೋಳಿನ ಅಂಚು ಆರು ಮಿಲಿಮೀಟರ್. ಅದೂ ಹೊರ ಅಂಚಿನಲ್ಲಿ. ಒಳಗೆ ಹೋದಷ್ಟೂ ಸಪೂರ. ಅಲ್ಲಿ "ಪಿಂಚಣಿ" ಅಂತ ಬರೆಯಿರಿ ನೋಡೋಣ.

ಇಲ್ಲಿ ಕನ್ನಡದ್ದೇ ಒಂದು ಕಷ್ಟ ಇದೆ. ಇಂಗ್ಲಿಷ್ ಚಾರ್ಟನ್ನು ಅನುವಾದ ಮಾಡಿ ಹಾಗೇ ಹಂಚುವವರು ಇದನ್ನು ಗಮನಿಸುವುದೇ ಇಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. "ಕೇಂದ್ರ ಪ್ರಾಯೋಜಿತ ಯೋಜನೆ" ಅನ್ನುವುದನ್ನು ಎರಡು ಸಾಲಿಗೆ ಮುರಿದರೆ ಮೇಲಿನ ಸಾಲಿನ "ದ್ರ" ಒತ್ತು ಕೆಳಗಿನ ಸಾಲಿನ "ಯೋ" ತಲೆಗೆ ಬಡಿಯುತ್ತದೆ. ಬಡಿಯದಂತೆ ಸಾಲು ದೂರ ಮಾಡಿದರೆ ಹೆಸರು ಹೋಳಿನಿಂದ ಹೊರಗೆ. ಹಾಗಾಗಿ ಇಂಗ್ಲಿಷಿನಲ್ಲಿ ಏಳು ಹೋಳು ಹೇಗೋ ದಾಟಿಕೊಂಡರೆ ಕನ್ನಡದಲ್ಲಿ ಐದಕ್ಕೇ ಉಸಿರುಗಟ್ಟುತ್ತದೆ. 5 ಪೈಸೆಗಿಂತ ಚಿಕ್ಕ, ಅಂದರೆ 18 ಡಿಗ್ರಿಗಿಂತ ಕಡಿಮೆ ಇರುವ ಹೋಳಿನೊಳಗೆ ಕನ್ನಡದ ಹೆಸರು ಕೂರುವುದಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಹೊರಗೆ ಬರೆದು ಗೆರೆ ಎಳೆಯಬಹುದು. ಅಂಥ ಗೆರೆ ಒಂದಿದ್ದರೆ ಸರಿ, ನಾಲ್ಕಾದರೆ ಚಾರ್ಟು ಜೇಡ.

ಆದರೆ ಜಾಗ ಸಾಲದ್ದು ಎರಡನೇ ಸಮಸ್ಯೆ. ಮೊದಲನೆಯದು ಕಣ್ಣು. ನಮ್ಮ ಕಣ್ಣು ಕೋನ ಅಳೆಯುವುದರಲ್ಲಿ ಮಹಾ ದಡ್ಡ. 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು ಸಂಶೋಧಕರು ಜನರಿಗೆ ಚಿತ್ರ ತೋರಿಸಿ ಪರೀಕ್ಷೆ ಮಾಡಿದ್ದರು. ಒಂದೇ ಗೆರೆಯಿಂದ ಎದ್ದ ಕಂಬಗಳನ್ನು ಹೋಲಿಸುವಾಗ ಆಗುವ ತಪ್ಪಿಗಿಂತ ಕೋನ ಹೋಲಿಸುವಾಗ ಆಗುವ ತಪ್ಪು ಜಾಸ್ತಿ ಅಂತ ಕಂಡಿತು. ನಮ್ಮ ನಾಣ್ಯದಲ್ಲೇ ನೋಡಿ. ರಾಜ್ಯಗಳ ಪಾಲು 79.2 ಡಿಗ್ರಿ, ಬಡ್ಡಿ 72. ಒಂದು ಬಲಕ್ಕೆ ಬಾಯಿ ತೆರೆದಿದೆ, ಇನ್ನೊಂದು ಕೆಳಕ್ಕೆ. ಯಾವುದು ದೊಡ್ಡದು? ಅಂಕಿಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಮನೆಯವರನ್ನು ಕೇಳಿ. ಹೇಳಲಾಗದಿದ್ದರೆ ಆ ಚಿತ್ರ ಏನನ್ನೂ ತೋರಿಸುತ್ತಿಲ್ಲ, ಅಂಕಿ ಮಾತ್ರ ತೋರಿಸುತ್ತಿದೆ. ಅಂಕಿ ತೋರಿಸಲು ಪಟ್ಟಿ ಸಾಕಲ್ಲ ಸ್ವಾಮಿ, ವೃತ್ತ ಯಾಕೆ?

"ಪೈಸೆ ಲೆಕ್ಕಕ್ಕೆ ನಾಣ್ಯವೇ ಚೆಂದ, ಒಂದು ಇಡೀ ರೂಪಾಯಿ ಹಂಚಿಹೋದದ್ದು ಕಣ್ಣಿಗೆ ಕಾಣುತ್ತದೆ" ಅಂತ ಈಗಾಗಲೇ ಯಾರೋ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಒಪ್ಪಿದೆ. ಇಡೀ ಒಂದರಲ್ಲಿ ಪಾಲು ಎಷ್ಟು ಅಂತ ತೋರಿಸುವುದರಲ್ಲಿ ಪೈಗೆ ಸಾಟಿ ಇಲ್ಲ. ಆದರೆ ಆ ಶಕ್ತಿ ಕೆಲಸ ಮಾಡುವುದು ಕಣ್ಣಿಗೆ ಗುರುತು ಇರುವ ಪಾಲುಗಳಲ್ಲಿ ಮಾತ್ರ: ಅರ್ಧ, ಕಾಲು, ಮುಕ್ಕಾಲು. ಒಂಬತ್ತು ಹೋಳಿನಲ್ಲಿ ಕಾಲೂ ಇಲ್ಲ, ಅರ್ಧವೂ ಇಲ್ಲ, ಎಲ್ಲ ಹುಳಿಗೆ ಹೆಚ್ಚಿಟ್ಟ ತರಕಾರಿ.

ಕಾಲು ಅಂದೆನಲ್ಲ, ರೂಪಾಯಿ ಬರುವ ಕಡೆಯ ಚಿತ್ರ ತೆಗೆದುಕೊಳ್ಳಿ. ಅಲ್ಲಿ ಎಂಟು ಹೋಳು: ಸಾಲ ಮತ್ತಿತರ ಹೊಣೆ 24, ಆದಾಯ ತೆರಿಗೆ 22, ಜಿಎಸ್‌ಟಿ ಮತ್ತು ಇತರ ತೆರಿಗೆ 18, ಕಾರ್ಪೊರೇಟ್ ತೆರಿಗೆ 17, ತೆರಿಗೆಯೇತರ ಆದಾಯ 9, ಅಬಕಾರಿ ಸುಂಕ 5, ಕಸ್ಟಮ್ಸ್ 4, ಸಾಲವಲ್ಲದ ಬಂಡವಾಳ ಸ್ವೀಕೃತಿ 1. ಜಿಎಸ್‌ಟಿಗೂ ಕಾರ್ಪೊರೇಟ್ ತೆರಿಗೆಗೂ ವ್ಯತ್ಯಾಸ 3.6 ಡಿಗ್ರಿ. ಗಡಿಯಾರದಲ್ಲಿ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ 6 ಡಿಗ್ರಿ ಸರಿಯುತ್ತದೆ, ಇದು ಅದಕ್ಕಿಂತಲೂ ಕಡಿಮೆ.

ಈ ಹೋಳುಗಳನ್ನು ಕಡಿಮೆ ಮಾಡುವುದು ಹೇಗೆ? ಬಹಳ ಜನ ಮಾಡುವ ತಪ್ಪು: 10 ಪೈಸೆಗಿಂತ ಕಡಿಮೆ ಇರುವ ಎಲ್ಲವನ್ನೂ ಗುಡಿಸಿ "ಇತರೆ" ಡಬ್ಬಿಗೆ ತುಂಬುವುದು. ಇಲ್ಲಿ ಹಾಗೆ ಮಾಡಿದರೆ 9, 5, 4, 1 ಸೇರಿ ಇತರೆಯೇ 19 ಪೈಸೆ, ಜಿಎಸ್‌ಟಿಗಿಂತ ದೊಡ್ಡದು! ಅಬಕಾರಿ ಸುಂಕವೂ ತೆರಿಗೆಯಲ್ಲದ ಆದಾಯವೂ ಒಂದೇ ಚೀಲದಲ್ಲಿ. (ನಾನೂ ಇದನ್ನು ವರ್ಷಗಟ್ಟಲೆ ಮಾಡಿದ್ದೇನೆ. ಸುಲಭ ಅಂತ.) ಗಾತ್ರ ನೋಡಿ ಕೂಡಿಸಬೇಡಿ, ಅರ್ಥ ನೋಡಿ ಕೂಡಿಸಿ. ಆದಾಯ ತೆರಿಗೆ ಮತ್ತು ಕಾರ್ಪೊರೇಟ್ ತೆರಿಗೆ ಎರಡೂ ಗಳಿಕೆಯ ಮೇಲಿನವು, ಕೂಡಿದರೆ 39. ಜಿಎಸ್‌ಟಿ, ಅಬಕಾರಿ, ಕಸ್ಟಮ್ಸ್ ಸರಕು ಸೇವೆಗಳ ಮೇಲಿನವು, 27. ಸಾಲ 24. ಉಳಿದದ್ದು 10. ನಾಲ್ಕೇ ಹೋಳು.

ಈಗ ಸಾಲದ ಹೋಳನ್ನು ಹನ್ನೆರಡು ಗಂಟೆಯ ಜಾಗದಿಂದ ಬಲಕ್ಕೆ ಶುರು ಮಾಡಿ. 86.4 ಡಿಗ್ರಿ, ಹೆಚ್ಚುಕಮ್ಮಿ ಮೂರು ಗಂಟೆಗೆ ಬಂದು ನಿಲ್ಲುತ್ತದೆ. ರೂಪಾಯಿಯಲ್ಲಿ ಸುಮಾರು ನಾಲ್ಕಾಣೆ ಸಾಲ ಅಂತ ಅಂಕಿ ಓದದೆಯೇ ಗೊತ್ತಾಯಿತು. ಹೆಬ್ಬೆರಳಿಟ್ಟು ಮುಚ್ಚಿದರೂ ಗೊತ್ತಾಯಿತು. ನೀವು ಹೇಳಬೇಕಾದದ್ದು ಯಾವ ಹೋಳಿನ ಬಗ್ಗೆಯೋ ಅದನ್ನು ಹನ್ನೆರಡಕ್ಕೆ ಕೂರಿಸಿ, ಉಳಿದವು ದೊಡ್ಡದರಿಂದ ಚಿಕ್ಕದಕ್ಕೆ, "ಉಳಿದದ್ದು" ಎಷ್ಟೇ ದಪ್ಪ ಇದ್ದರೂ ಕೊನೆಗೆ.

ಎಕ್ಸೆಲ್‌ನಲ್ಲಿ ಹಾಳೆಯ ಸಾಲುಗಳು ಯಾವ ಕ್ರಮದಲ್ಲಿವೆಯೋ ಹೋಳೂ ಅದೇ ಕ್ರಮದಲ್ಲಿ, ಹನ್ನೆರಡು ಗಂಟೆಯಿಂದ ಬಲಕ್ಕೆ ಹೋಗುತ್ತದೆ. ಸಾಲು ಜೋಡಿಸಿಕೊಂಡರೆ ಸಾಕು. ಬಣ್ಣದ ಪಟ್ಟಿಯನ್ನು ಅಳಿಸಿ, Format Data Labels ಒಳಗೆ Category Name ಮತ್ತು Value ಎರಡನ್ನೂ ಆರಿಸಿ. ಎಕ್ಸೆಲ್‌ನ ಮಾಮೂಲಿ ಬಣ್ಣದ ಸೆಟ್‌ನಲ್ಲಿ ಇರುವುದೇ ಆರು ಬಣ್ಣ. ಏಳನೇ ಹೋಳಿಗೆ ಮೊದಲ ಬಣ್ಣದ್ದೇ ಇನ್ನೊಂದು ಛಾಯೆ ಬರುತ್ತದೆ. ತಂತ್ರಾಂಶವೇ ಕೈಮುಗಿದು ಸಾಕು ಅನ್ನುತ್ತಿದೆ, ನಾವು ಕೇಳುವುದಿಲ್ಲ. ಪೈಥಾನ್ ಬಳಸುವವರಿಗೆ: ಮ್ಯಾಟ್‌ಪ್ಲಾಟ್‌ಲಿಬ್ ಮೂರು ಗಂಟೆಯಿಂದ ಎಡಸುತ್ತಾಗಿ ಶುರು ಮಾಡುತ್ತದೆ, ಅದನ್ನು ತಿರುಗಿಸಬೇಕು. ಕೆಳಗಿನ `hesaru` ಅಂದರೆ ನಾಲ್ಕು ಹೋಳಿನ ಹೆಸರುಗಳ ಪಟ್ಟಿ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

```python
plt.pie([24, 39, 27, 10], labels=hesaru,
        startangle=90, counterclock=False,
        autopct='%.0f')
```

ಅಲ್ಲಿ `'%d'` ಬರೆಯಬೇಡಿ. ಅದು ದಶಮಾಂಶವನ್ನು ಕತ್ತರಿಸುತ್ತದೆ, ಪೂರ್ಣಗೊಳಿಸುವುದಿಲ್ಲ. ಒಳಗಿನ ಲೆಕ್ಕದಲ್ಲಿ 38.99999 ಅಂತ ಬಂದರೆ ಚಿತ್ರದಲ್ಲಿ 38 ಕೂರುತ್ತದೆ, ಒಂದು ಪೈಸೆ ಮಾಯ. ಇನ್ನು ಮೂರು ಆಯಾಮದ ಪೈ ಬಗ್ಗೆ ಮಾತೇ ಬೇಡ. ಮುಂದಿನ ಹೋಳಿಗೆ ದಪ್ಪ ಅಂಚು ಪುಕ್ಕಟೆ ಸಿಗುತ್ತದೆ, ಹಿಂದಿನದು ಚಪ್ಪಟೆ. ಮಾಡುವವರು ಮಾಡಿಕೊಳ್ಳಲಿ, ನನಗೆ ಟ್ಯಾಗ್ ಮಾಡಬೇಡಿ.

ಹಾಗಾದರೆ ಖರ್ಚಿನ ಒಂಬತ್ತು ಹೋಳು? ಅಲ್ಲಿ ಕೂಡಿಸುವುದು ಇಷ್ಟು ಸಲೀಸಲ್ಲ. ರಾಜ್ಯಗಳ ಪಾಲು 22 ಮತ್ತು ಹಣಕಾಸು ಆಯೋಗದ ವರ್ಗಾವಣೆ 8 ಸೇರಿಸಬಹುದು. ಕೇಂದ್ರ ಪ್ರಾಯೋಜಿತ ಯೋಜನೆಯ 8 ಸೇರಿಸಿದರೆ ರಾಜ್ಯಗಳ ಹೋಳು 38, ಸೇರಿಸದಿದ್ದರೆ 30. ಆ ದುಡ್ಡೂ ಬಹುಮಟ್ಟಿಗೆ ರಾಜ್ಯಗಳ ಕೈದಾಟಿಯೇ ಹೋಗುತ್ತದೆ, ಆದರೆ ಯಾವುದಕ್ಕೆ ಖರ್ಚು ಮಾಡಬೇಕು ಅಂತ ಹೇಳುವುದು ದೆಹಲಿ. ಯಾವ ಕಡೆಯವರು ಚಾರ್ಟ್ ಮಾಡಿದ್ದಾರೆ ಅನ್ನುವುದು ಈ 8 ಪೈಸೆ ಎಲ್ಲಿ ಕೂತಿದೆ ಅನ್ನುವುದರಲ್ಲೇ ಗೊತ್ತಾಗಿಬಿಡುತ್ತದೆ. ಕೂಡಿಸಿದವರು ಏನನ್ನು ಕೂಡಿಸಿದ್ದೇವೆ ಅಂತ ಕೆಳಗೆ ಒಂದು ಸಾಲು ಬರೆಯಲೇಬೇಕು. ಹೀಗೆಲ್ಲ ಹೆಣಗಿದ ಮೇಲೂ ಆರು ಹೋಳು ಉಳಿಯುತ್ತದೆ: 38, 20, 16, ಸಬ್ಸಿಡಿ ಪಿಂಚಣಿ ಸೇರಿ 10, ರಕ್ಷಣೆ 8, ಇತರೆ 8. ನನ್ನ ಮಿತಿ ಐದು. ಆರಕ್ಕೆ ಮುಖ ಗಂಟಿಕ್ಕಿಕೊಂಡು ಒಪ್ಪುತ್ತೇನೆ. ಏಳು ಆದರೆ ವೃತ್ತ ಬಿಟ್ಟು ಅಡ್ಡಪಟ್ಟಿ.

ಅಡ್ಡಪಟ್ಟಿ ಅಂದರೆ ಎಡಗಡೆ ಹೆಸರು, ಬಲಗಡೆಗೆ ಪಟ್ಟಿ. ಪೈಸೆಗೆ ಕಾಲು ಸೆಂಟಿಮೀಟರ್ ಇಟ್ಟರೆ ರಾಜ್ಯಗಳ ಪಾಲು ಐದೂವರೆ, ಬಡ್ಡಿ ಐದು. ಆ ಅರ್ಧ ಸೆಂಟಿಮೀಟರ್ ಕನ್ನಡಕ ಮರೆತವರಿಗೂ ಕಾಣುತ್ತದೆ. ನಾಲ್ಕು ಎಂಟು ಪೈಸೆಗಳು ಒಂದೇ ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ, ಸಮ ಅಂತ ಹೇಳಬೇಕಾಗಿಯೇ ಇಲ್ಲ. "ಕೇಂದ್ರ ಪ್ರಾಯೋಜಿತ ಯೋಜನೆ" ಒತ್ತು ದೀರ್ಘ ಸಮೇತ ಒಂದೇ ಸಾಲಿನಲ್ಲಿ ಆರಾಮಾಗಿ ಕಾಲು ಚಾಚುತ್ತದೆ. ಬಣ್ಣ ಒಂದೇ ಸಾಕು. ಮೂರು ಹಸಿರು ಬೇಕಿಲ್ಲ.

ಒಂದು ಪೈಸೆ ಬಾಕಿ ಇದೆ. ಬರುವ ಚಿತ್ರದಲ್ಲಿ "ಉಳಿದದ್ದು" ಒಳಗೆ ಮುಳುಗಿಸಿದೆನಲ್ಲ, ಸಾಲವಲ್ಲದ ಬಂಡವಾಳ ಸ್ವೀಕೃತಿ. ಸರ್ಕಾರಿ ಕಂಪನಿಗಳ ಷೇರು ಮಾರಿ ಬರುವ ದುಡ್ಡು ಇರುವುದು ಅದರಲ್ಲೇ. ನಿಮ್ಮ ಬರಹ ಇರುವುದೇ ಷೇರು ಮಾರಾಟದ ಬಗ್ಗೆ ಅಂತಾದರೆ 3.6 ಡಿಗ್ರಿಯ ಸೀಳಿಗೆ ಕೆಂಪು ಬಳಿದು, ಹೊರಗೆಳೆದು, ಬಾಣ ಹಾಕಿ ಸರ್ಕಸ್ ಮಾಡಬೇಡಿ. ಚಾರ್ಟಿನ ಕೆಳಗೆ ಬರೆಯಿರಿ: "ಇದರಲ್ಲಿ ಷೇರು ಮಾರಾಟ, ಸಾಲ ವಸೂಲಿ ಎಲ್ಲ ಸೇರಿ ಒಂದು ಪೈಸೆ." ಅಷ್ಟೇ.